ಪಾಸಿಟಿವ್ ಬಂದವರಲ್ಲಿ ರೋಗ ಇರುವವರು ಎಷ್ಟು ಮಂದಿ?

ದ್ವಿತೀಯ ಪಿಯುಸಿ ಗಣಿತ ಪುಸ್ತಕದ ಕೊನೆಯ ಅಧ್ಯಾಯ ಸಂಭವನೀಯತೆ. ಅದರ ಅಭ್ಯಾಸಗಳ ನಡುವೆ ರಕ್ತಪರೀಕ್ಷೆಯ ಲೆಕ್ಕವೊಂದಿದೆ. ಸಾರಾಂಶ ಇಷ್ಟು: ಒಂದು ರೋಗವನ್ನು ಪತ್ತೆಹಚ್ಚಲು ರಕ್ತಪರೀಕ್ಷೆ ಇದೆ. ರೋಗ ನಿಜವಾಗಿಯೂ ಇರುವವರಲ್ಲಿ ಶೇ. 99 ಮಂದಿಗೆ ಅದು ಪಾಸಿಟಿವ್ ಎನ್ನುತ್ತದೆ. ಆದರೆ ರೋಗ ಇಲ್ಲದವರಲ್ಲೂ ಶೇ. 0.5ರಷ್ಟು ಮಂದಿಗೆ ತಪ್ಪಾಗಿ ಪಾಸಿಟಿವ್ ಎಂದುಬಿಡುತ್ತದೆ. ಜನಸಂಖ್ಯೆಯಲ್ಲಿ ಈ ರೋಗ ಇರುವುದು ಶೇ. 0.1 ಮಂದಿಗೆ. ಈಗ ಒಬ್ಬರಿಗೆ ಪಾಸಿಟಿವ್ ಬಂದಿದೆ. ಅವರಿಗೆ ರೋಗ ಇರುವ ಸಂಭವನೀಯತೆ ಎಷ್ಟು?

ಪೆನ್ನು ಹಿಡಿಯದೆ ಅಂದಾಜು ಹೇಳಿ ಎಂದರೆ ಹೆಚ್ಚಿನವರ ಬಾಯಲ್ಲಿ ಬರುವುದು ಶೇ. 99. ಸ್ವಲ್ಪ ಹುಷಾರಾದವರು ಶೇ. 95 ಅಥವಾ 90 ಎನ್ನಬಹುದು. ಸರಿಯಾದ ಉತ್ತರ 22/133, ಅಂದರೆ ಶೇ. 16.5ರ ಆಸುಪಾಸು. ಪಾಸಿಟಿವ್ ಬಂದ ಆರು ಮಂದಿಯಲ್ಲಿ ಐವರಿಗೆ ರೋಗವೇ ಇಲ್ಲ!

ಇದು ವಿದ್ಯಾರ್ಥಿಗಳು ಮಾತ್ರ ಎಡವುವ ಜಾಗವಲ್ಲ. ಅಮೆರಿಕದ ಹಾರ್ವರ್ಡ್ ವೈದ್ಯಕೀಯ ಕಾಲೇಜಿನಲ್ಲಿ ವಾರ್ಡ್ ಕ್ಯಾಸೆಲ್ಸ್ ಮತ್ತು ಸಂಗಡಿಗರು ಇಂಥದ್ದೇ ಪ್ರಶ್ನೆಯನ್ನು 60 ಮಂದಿಯ ಮುಂದಿಟ್ಟರು. ಅವರಲ್ಲಿ ವೈದ್ಯ ವಿದ್ಯಾರ್ಥಿಗಳೂ ಇದ್ದರು, ನುರಿತ ವೈದ್ಯರೂ ಇದ್ದರು. ಸಾವಿರಕ್ಕೆ ಒಬ್ಬರಿಗಿರುವ ರೋಗ, ತಪ್ಪು ಪಾಸಿಟಿವ್ ಶೇ. 5. ಸರಿಯುತ್ತರ ಸುಮಾರು ಶೇ. 2. ಅದನ್ನು ಹೇಳಿದವರು 11 ಮಂದಿ ಮಾತ್ರ. ಹೆಚ್ಚುಕಡಿಮೆ ಅರ್ಧದಷ್ಟು ಜನ ಶೇ. 95 ಎಂದಿದ್ದರು. ಆ ಫಲಿತಾಂಶ 1978ರಲ್ಲಿ ಪ್ರಕಟವಾಯಿತು. ಅಂದಿನಿಂದ ಈ ಪ್ರಶ್ನೆ ಬೇರೆ ಬೇರೆ ಅಂಕಿಗಳನ್ನು ಹೊತ್ತು ಜಗತ್ತಿನ ಎಷ್ಟೋ ಪಠ್ಯಪುಸ್ತಕಗಳಲ್ಲಿ, ಪರೀಕ್ಷೆಗಳಲ್ಲಿ ತಿರುಗಾಡುತ್ತಿದೆ.

ಎಡವಟ್ಟು ಆಗುವುದು ಎಲ್ಲಿ ಎಂದು ನೋಡಲು ಸೂತ್ರಕ್ಕಿಂತ ಒಂದು ಚಿತ್ರ ಹೆಚ್ಚು ಸಹಾಯ ಮಾಡುತ್ತದೆ. ಅದೇ ವೃಕ್ಷಚಿತ್ರ, ತರಗತಿಯ ಮಾತಿನಲ್ಲಿ ಟ್ರೀ ಡಯಾಗ್ರಾಂ.

ಯಾರಲ್ಲಿ ಶೇಕಡಾ 99?

ಷರತ್ತುಬದ್ಧ ಸಂಭವನೀಯತೆ ಎಂಬ ದೊಡ್ಡ ಹೆಸರಿನ ಹಿಂದೆ ಇರುವುದು ಸಣ್ಣ ವಿಚಾರ. ಒಂದು ಸಂಗತಿ ಆಗಲೇ ಗೊತ್ತಾಗಿದೆ. ಆದ್ದರಿಂದ ಎಲ್ಲರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ, ಆ ಸಂಗತಿ ಯಾರಿಗೆ ಅನ್ವಯಿಸುತ್ತದೋ ಅವರನ್ನು ಮಾತ್ರ ಎದುರಿಗೆ ನಿಲ್ಲಿಸಿಕೊಂಡು ಎಣಿಸುತ್ತೇವೆ. P(+ | ರೋಗ) ಎಂದು ಬರೆದರೆ ಗೆರೆಯ ಬಲಗಡೆಯದು ಗೊತ್ತಿರುವ ಸಂಗತಿ, ಎಡಗಡೆಯದು ಕೇಳುತ್ತಿರುವ ಸಂಗತಿ. ರೋಗ ಇರುವವರನ್ನು ಮಾತ್ರ ನಿಲ್ಲಿಸಿಕೊಂಡೆವು, ಅವರಲ್ಲಿ ಪಾಸಿಟಿವ್ ಬಂದವರೆಷ್ಟು ಎಂದು ಕೇಳಿದೆವು. ಉತ್ತರ 0.99.

ನಮ್ಮ ಲೆಕ್ಕ ಕೇಳುವುದು ಇದನ್ನಲ್ಲ, P(ರೋಗ | +) ಎಷ್ಟು ಎಂದು. ಈಗ ನಿಲ್ಲಿಸಿಕೊಳ್ಳಬೇಕಾದ ಗುಂಪೇ ಬೇರೆ: ಪಾಸಿಟಿವ್ ಬಂದವರು. ಅವರಲ್ಲಿ ರೋಗ ಇರುವವರೆಷ್ಟು? ಎರಡೂ ಪ್ರಶ್ನೆಗಳಲ್ಲಿ ಅವೇ ಎರಡು ಪದಗಳಿವೆ, ಷರತ್ತು ಮಾತ್ರ ಮಗುಚಿದೆ. ಮಳೆ ಸುರಿದ ದಿನ ಮೋಡ ಇದ್ದೇ ಇರುತ್ತದೆ. ಹಾಗೆಂದು ಮೋಡ ಕವಿದ ದಿನವೆಲ್ಲ ಮಳೆ ಬರುವುದಿಲ್ಲ. ಮೋಡದ ವಿಷಯದಲ್ಲಿ ಯಾರೂ ಮೋಸ ಹೋಗುವುದಿಲ್ಲ, ಏಕೆಂದರೆ ಸುಮ್ಮನೆ ಮೋಡ ಕವಿದು ಹೋದ ದಿನಗಳನ್ನು ಎಲ್ಲರೂ ಕಂಡಿದ್ದೇವೆ. ಪರೀಕ್ಷೆಯ ವಿಷಯದಲ್ಲಿ, ರೋಗ ಇಲ್ಲದೆ ಪಾಸಿಟಿವ್ ಬಂದವರ ಗುಂಪು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಆ ಗುಂಪನ್ನು ಕಣ್ಣೆದುರು ತಂದು ನಿಲ್ಲಿಸುವುದೇ ವೃಕ್ಷಚಿತ್ರದ ಕೆಲಸ.

ಮರ ಬರೆಯುವುದು ಹೀಗೆ

ಮೊದಲ ಪ್ರಶ್ನೆ: ಬುಡದಿಂದ ಮೊದಲು ಒಡೆಯುವ ಕೊಂಬೆಗಳು ಯಾವುವು? ರೋಗ ಇದೆ, ರೋಗ ಇಲ್ಲ ಎಂಬ ಎರಡು. ಪಾಸಿಟಿವ್, ನೆಗೆಟಿವ್ ಎಂಬುವು ಆಮೇಲೆ. ಹೀಗೇ ಏಕೆ ಎಂದರೆ, ಪ್ರಶ್ನೆಯಲ್ಲಿ ಕೊಟ್ಟಿರುವ ಅಂಕಿಗಳು ಇರುವುದೇ ಈ ಕ್ರಮದಲ್ಲಿ. ‘ಜನಸಂಖ್ಯೆಯಲ್ಲಿ ಶೇ. 0.1’ ಎಂಬುದು ಷರತ್ತಿಲ್ಲದ ಅಂಕಿ, ಆದ್ದರಿಂದ ಅದಕ್ಕೆ ಮೊದಲ ಕೊಂಬೆ. ‘ರೋಗ ಇರುವವರಲ್ಲಿ ಶೇ. 99’, ‘ಇಲ್ಲದವರಲ್ಲಿ ಶೇ. 0.5’ ಎಂಬುವು ಷರತ್ತಿನ ಅಂಕಿಗಳು. ಅವುಗಳ ಜಾಗ ಆಯಾ ಕೊಂಬೆಯ ತುದಿಯಿಂದ ಒಡೆಯುವ ಕವಲುಗಳ ಮೇಲೆ.

```
ಎಲ್ಲರೂ
├─ ರೋಗ ಇದೆ (0.001)
│   ├─ ಪಾಸಿಟಿವ್ (0.99)   → 0.00099
│   └─ ನೆಗೆಟಿವ್ (0.01)    → 0.00001
└─ ರೋಗ ಇಲ್ಲ (0.999)
    ├─ ಪಾಸಿಟಿವ್ (0.005)  → 0.004995
    └─ ನೆಗೆಟಿವ್ (0.995)   → 0.994005
```

ಪ್ರಶ್ನೆಯಲ್ಲಿ ಕೊಟ್ಟಿದ್ದು ಮೂರೇ ಅಂಕಿ. ಉಳಿದ ಮೂರನ್ನು ನಾವೇ ತುಂಬಿಕೊಂಡೆವು. ಅದಕ್ಕಿರುವ ನಿಯಮ ಒಂದೇ: ಒಂದು ಗೆಣ್ಣಿನಿಂದ ಒಡೆದ ಕವಲುಗಳ ಮೊತ್ತ 1 ಆಗಬೇಕು. ರೋಗ ಇರುವವರಲ್ಲಿ 0.99 ಪಾಸಿಟಿವ್ ಆದರೆ ಉಳಿದ 0.01 ನೆಗೆಟಿವ್. ರೋಗ ಇಲ್ಲದವರಲ್ಲಿ 0.005 ಪಾಸಿಟಿವ್ ಆದರೆ ಉಳಿದ 0.995 ನೆಗೆಟಿವ್.

ಬುಡದಿಂದ ತುದಿಯವರೆಗೆ ಒಂದು ದಾರಿ ಹಿಡಿದು ಹೋಗುತ್ತ ಸಿಕ್ಕ ಅಂಕಿಗಳನ್ನು ಗುಣಿಸಿದರೆ ತುದಿಯ ಎಲೆಯ ಅಂಕಿ ಸಿಗುತ್ತದೆ. ಮೊದಲ ಎಲೆಯ 0.00099 ಹೇಳುವುದು ‘ರೋಗವೂ ಇದೆ, ಪಾಸಿಟಿವ್ ಕೂಡ ಬಂದಿದೆ’ ಎಂಬುದರ ಸಂಭವನೀಯತೆಯನ್ನು. ನಾಲ್ಕು ಎಲೆಗಳನ್ನೂ ಕೂಡಿಸಿ ನೋಡಿ, ಸರಿಯಾಗಿ 1 ಬರುತ್ತದೆ. ಪರೀಕ್ಷಾ ಕೊಠಡಿಯಲ್ಲಿ ಅರ್ಧ ನಿಮಿಷದಲ್ಲಿ ಮುಗಿಯುವ ತಾಳೆ ಇದು. ಮೊತ್ತ 1 ಬರದಿದ್ದರೆ ಎಲ್ಲೋ ಗುಣಾಕಾರವೋ ದಶಾಂಶ ಬಿಂದುವೋ ತಪ್ಪಿದೆ ಎಂದೇ ಅರ್ಥ.

ಇನ್ನು ಪಾಸಿಟಿವ್ ಎಂಬ ಎಲೆಗಳನ್ನು ಮಾತ್ರ ಆರಿಸಿಕೊಳ್ಳೋಣ. ಅವು ಎರಡು: 0.00099 ಮತ್ತು 0.004995. ಒಟ್ಟು 0.005985. ಇದು ನಮಗೆ ಬೇಕಾದ ಗುಂಪು. ಅದರಲ್ಲಿ ರೋಗ ಇರುವವರ ಪಾಲು 0.00099. ಭಾಗಿಸಿದರೆ:

P(ರೋಗ | +) = 0.00099 / 0.005985 = 22/133 ≈ 0.165

ಬೇಯ್ಸ್ ಪ್ರಮೇಯ ಎಂದು ಪುಸ್ತಕದಲ್ಲಿ ಇರುವುದು ಇಷ್ಟೇ. ಮೇಲೆ ಬೇಕಾದ ಎಲೆ, ಕೆಳಗೆ ಆ ಫಲಿತಾಂಶ ಇರುವ ಎಲ್ಲ ಎಲೆಗಳ ಮೊತ್ತ. ಥಾಮಸ್ ಬೇಯ್ಸ್ ಇಂಗ್ಲೆಂಡಿನ ಒಬ್ಬ ಪಾದ್ರಿ. ಈ ವಿಷಯದ ಮೇಲೆ ಅವರು ಬರೆದಿಟ್ಟಿದ್ದ ಪ್ರಬಂಧ ಹೊರಬಂದದ್ದು 1763ರಲ್ಲಿ, ಅವರು ತೀರಿಕೊಂಡ ಎರಡು ವರ್ಷದ ಮೇಲೆ, ಸ್ನೇಹಿತ ರಿಚರ್ಡ್ ಪ್ರೈಸ್ ಅವರ ಮುತುವರ್ಜಿಯಿಂದ.

ದಶಾಂಶ ಬಿಟ್ಟು ತಲೆ ಎಣಿಸೋಣ

ಲೆಕ್ಕ ಸರಿಬಂದರೂ 0.005985 ಎಂಬ ಅಂಕಿ ಮನಸ್ಸಿನಲ್ಲಿ ಯಾವ ಚಿತ್ರವನ್ನೂ ಮೂಡಿಸುವುದಿಲ್ಲ. ಅದೇ ಮರದ ಮೇಲೆ ಸಂಭವನೀಯತೆಯ ಬದಲು ಮನುಷ್ಯರನ್ನೇ ಕೂರಿಸಬಹುದು. ಜರ್ಮನಿಯ ಮನಶ್ಶಾಸ್ತ್ರಜ್ಞರಾದ ಗೆರ್ಡ್ ಗಿಗರೆಂಜರ್ ಮತ್ತು ಉಲ್ರಿಚ್ ಹಾಫ್ರಾಗೆ 1995ರಲ್ಲಿ ತೋರಿಸಿದ್ದು ಇದನ್ನೇ: ಇಂಥ ಪ್ರಶ್ನೆಯನ್ನು ಶೇಕಡಾವಾರು ಕೊಡುವ ಬದಲು ‘ಇಷ್ಟು ಮಂದಿಯಲ್ಲಿ ಇಷ್ಟು ಮಂದಿ’ ಎಂದು ಕೊಟ್ಟರೆ ಸರಿಯುತ್ತರ ಹೇಳುವವರು ಗಮನಾರ್ಹವಾಗಿ ಹೆಚ್ಚುತ್ತಾರೆ.

ನಮ್ಮ ಲೆಕ್ಕಕ್ಕೆ 2,00,000 ಜನರಿರುವ ಒಂದು ಪಟ್ಟಣವನ್ನು ತೆಗೆದುಕೊಂಡರೆ ಯಾರನ್ನೂ ತುಂಡು ಮಾಡದೆ ಲೆಕ್ಕ ಮುಗಿಯುತ್ತದೆ. ಶೇ. 0.1 ಎಂದರೆ ರೋಗ ಇರುವವರು 200 ಮಂದಿ. ಉಳಿದ 1,99,800 ಮಂದಿ ಆರೋಗ್ಯವಂತರು. ಎಲ್ಲರಿಗೂ ರಕ್ತಪರೀಕ್ಷೆ ಆಯಿತು ಎನ್ನಿ. ರೋಗ ಇರುವ 200 ಮಂದಿಯಲ್ಲಿ 198 ಮಂದಿಗೆ ಪಾಸಿಟಿವ್, ಇಬ್ಬರು ತಪ್ಪಿಸಿಕೊಂಡರು. ಆರೋಗ್ಯವಂತರಲ್ಲಿ ಶೇ. 0.5, ಅಂದರೆ 999 ಮಂದಿಗೆ ಸುಳ್ಳು ಪಾಸಿಟಿವ್. ಉಳಿದ 1,98,801 ಮಂದಿಗೆ ನೆಗೆಟಿವ್.

ಪಾಸಿಟಿವ್ ವರದಿ ಕೈಯಲ್ಲಿ ಹಿಡಿದು ಆಸ್ಪತ್ರೆಯ ಮುಂದೆ ಸಾಲು ನಿಂತವರು 198 + 999, ಒಟ್ಟು 1,197 ಮಂದಿ. ಇವರಲ್ಲಿ ರೋಗ ಇರುವವರು 198. ಭಾಗಿಸಿದರೆ ಅದೇ 22/133.

ಈಗ ಕಾರಣ ತಾನಾಗಿಯೇ ಕಾಣುತ್ತದೆ. ಪರೀಕ್ಷೆ ಆರೋಗ್ಯವಂತರ ವಿಷಯದಲ್ಲಿ ತಪ್ಪುವುದು ಬಹಳ ಅಪರೂಪ, ಇನ್ನೂರಕ್ಕೆ ಒಮ್ಮೆ. ಆದರೆ ಆರೋಗ್ಯವಂತರ ಗುಂಪು ರೋಗಿಗಳ ಗುಂಪಿಗಿಂತ 999 ಪಟ್ಟು ದೊಡ್ಡದು. ಭಾರಿ ಗುಂಪಿನ ಚೂರುಪಾಲು, ಪುಟ್ಟ ಗುಂಪಿನ ಹೆಚ್ಚುಕಡಿಮೆ ಪೂರ್ತಿಯನ್ನೂ ಮೀರಿಸಿತು. ಪರೀಕ್ಷೆ ಕೆಟ್ಟದ್ದೆಂದು ಹೀಗಾದದ್ದಲ್ಲ, ರೋಗ ಅಪರೂಪದ್ದು ಎಂದು ಹೀಗಾಯಿತು.

ಮರವನ್ನು ಮಗುಚಿದಾಗ

ಷರತ್ತನ್ನು ಮಗುಚುವುದು ಎಂದರೆ ಚಿತ್ರದಲ್ಲಿ ಏನಾಗುತ್ತದೆ? ಇನ್ನೊಂದು ಮರ ಬರೆಯೋಣ. ಈ ಸಲ ಬುಡದಿಂದ ಮೊದಲು ಒಡೆಯುವುದು ಪಾಸಿಟಿವ್, ನೆಗೆಟಿವ್. ಆಮೇಲೆ ರೋಗ ಇದೆ, ಇಲ್ಲ.

```
2,00,000 ಮಂದಿ
├─ ಪಾಸಿಟಿವ್ 1,197
│   ├─ ರೋಗ ಇದೆ 198
│   └─ ರೋಗ ಇಲ್ಲ 999
└─ ನೆಗೆಟಿವ್ 1,98,803
    ├─ ರೋಗ ಇದೆ 2
    └─ ರೋಗ ಇಲ್ಲ 1,98,801
```

ಎರಡೂ ಮರಗಳ ಎಲೆಗಳನ್ನು ಹೋಲಿಸಿ ನೋಡಿ. 198, 2, 999, 1,98,801 ಎಂಬ ನಾಲ್ಕೂ ಸಂಖ್ಯೆಗಳು ಎರಡರಲ್ಲೂ ಇವೆ. ಕುಳಿತ ಜಾಗ ಮಾತ್ರ ಬದಲಾಗಿದೆ. ಜನ ಅವರೇ, ವರದಿಗಳೂ ಅವೇ. ಮೊದಲ ಮರದಲ್ಲಿ ಅವರನ್ನು ರೋಗದ ಪ್ರಕಾರ ವಿಂಗಡಿಸಿದ್ದೆವು, ಎರಡನೆಯದರಲ್ಲಿ ವರದಿಯ ಪ್ರಕಾರ ವಿಂಗಡಿಸಿದೆವು.

ಪ್ರಯೋಗಾಲಯದವರಿಗೆ ತಿಳಿದಿರುವುದು ಮೊದಲ ಮರ. ರೋಗ ಇದೆಯೆಂದು ಆಗಲೇ ಖಚಿತವಾದವರ ರಕ್ತ ಇಷ್ಟು, ಇಲ್ಲವೆಂದು ಖಚಿತವಾದವರ ರಕ್ತ ಇಷ್ಟು ಎಂದು ತೆಗೆದುಕೊಂಡು ಕಿಟ್ಟನ್ನು ಪರೀಕ್ಷಿಸುತ್ತಾರೆ. ಸೆನ್ಸಿಟಿವಿಟಿ, ಸ್ಪೆಸಿಫಿಸಿಟಿ ಎಂದು ಕಿಟ್ಟಿನ ಕಾಗದದಲ್ಲಿ ಅಚ್ಚಾಗುವ ಅಂಕಿಗಳು ಅಲ್ಲಿಂದ ಬಂದವು. ನಮ್ಮ ಲೆಕ್ಕದಲ್ಲಿ ಅವು 99 ಮತ್ತು 99.5. ವರದಿ ಹಿಡಿದು ಕುಳಿತವರಿಗೆ ಬೇಕಿರುವುದು ಎರಡನೆಯ ಮರ. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಕಿಟ್ಟಿನ ಅಂಕಿ ಎಷ್ಟೇ ಚೆನ್ನಾಗಿದ್ದರೂ ಸಾಲದು. ಮೊದಲ ಮರದ ಬುಡದಲ್ಲಿರುವ ಅಂಕಿ, ಅಂದರೆ ರೋಗ ಎಷ್ಟು ಜನರಲ್ಲಿದೆ ಎಂಬುದು ಬೇಕೇ ಬೇಕು.

ಎರಡನೆಯ ಮರ ಇನ್ನೊಂದು ವಿಷಯವನ್ನೂ ಹೇಳುತ್ತದೆ. ನೆಗೆಟಿವ್ ಬಂದ 1,98,803 ಮಂದಿಯಲ್ಲಿ ರೋಗ ಇರುವವರು ಇಬ್ಬರು ಮಾತ್ರ. ಅಂದರೆ ಈ ಪರೀಕ್ಷೆ ನೆಗೆಟಿವ್ ಎಂದಾಗ ಆ ಮಾತನ್ನು ನಂಬಬಹುದು. ಪಾಸಿಟಿವ್ ಎಂದಾಗ ‘ಇನ್ನೊಮ್ಮೆ ನೋಡಬೇಕು’ ಎಂದು ಓದಿಕೊಳ್ಳಬೇಕು. ಪಾಸಿಟಿವ್ ಬಂದದ್ದರಿಂದ ಏನೂ ತಿಳಿಯಲಿಲ್ಲ ಎಂದಲ್ಲ. ಸಾವಿರಕ್ಕೆ ಒಂದು ಇದ್ದ ಅನುಮಾನ ಆರಕ್ಕೆ ಒಂದಾಗಿದೆ. ಅನುಮಾನ ಸುಮಾರು 165 ಪಟ್ಟು ಏರಿತು. ಆದರೂ ಅದು ಇನ್ನೂ ಖಚಿತತೆ ಅಲ್ಲ.

ಉತ್ತರಪತ್ರಿಕೆಯಲ್ಲಿ ಜಾರುವ ಜಾಗಗಳು

ಈ ಲೆಕ್ಕದಲ್ಲಿ ಆಗುವ ತಪ್ಪುಗಳು ಮೂರು ನಾಲ್ಕೇ, ಮತ್ತು ಅವುಗಳಲ್ಲಿ ಪ್ರತಿಯೊಂದೂ ಮರದ ಒಂದೊಂದು ಜಾಗದಲ್ಲಿ ಆಗುತ್ತದೆ.

ಮೊದಲನೆಯದು ಶೇಕಡಾ ಚಿಹ್ನೆಯದು. ಶೇ. 0.1 ಎಂದರೆ 0.001. ಆತುರದಲ್ಲಿ ಅದನ್ನು 0.1 ಎಂದೇ ಬರೆದು, 0.5ನ್ನು ಮಾತ್ರ ಸರಿಯಾಗಿ 0.005 ಮಾಡಿಕೊಂಡರೆ ಉತ್ತರ 0.957 ಬರುತ್ತದೆ. ಇದು ಮನಸ್ಸು ಮೊದಲೇ ನಿರೀಕ್ಷಿಸಿದ್ದ ಉತ್ತರದ ಹತ್ತಿರವೇ ಇರುವುದರಿಂದ ಅನುಮಾನ ಬರುವುದಿಲ್ಲ. ಎರಡನ್ನೂ ತಪ್ಪಾಗಿ 0.1, 0.5 ಎಂದೇ ಬರೆದರೆ ಇನ್ನೂ ವಿಚಿತ್ರ: ಉತ್ತರ 0.18 ಬರುತ್ತದೆ, ಸರಿಯುತ್ತರವಾದ 0.165ಕ್ಕೆ ಬಹಳ ಹತ್ತಿರ. ಹತ್ತಿರ ಬಂದಿದೆ ಎಂದ ಮಾತ್ರಕ್ಕೆ ದಾರಿ ಸರಿಯಾಗುವುದಿಲ್ಲ. ಇಲ್ಲಿ ಎಲೆಗಳ ಮೊತ್ತದ ತಾಳೆಯೂ ಕೈಕೊಡುತ್ತದೆ. ಏಕೆಂದರೆ ತಪ್ಪು ಅಂಕಿಯನ್ನೇ 1ರಿಂದ ಕಳೆದು ಪಕ್ಕದ ಕವಲಿಗೆ ಬರೆದರೆ ಮೊತ್ತ 1 ಬಂದೇ ಬರುತ್ತದೆ. ಈ ತಪ್ಪನ್ನು ಹಿಡಿಯುವುದು ತಲೆ ಎಣಿಸುವ ಮರ: ಸಾವಿರಕ್ಕೆ ಒಬ್ಬರಿಗೆ ರೋಗವೋ, ಹತ್ತಕ್ಕೆ ಒಬ್ಬರಿಗೋ ಎಂದು ಅಲ್ಲಿ ಬರೆಯಲೇಬೇಕಾಗುತ್ತದೆ.

ಎರಡನೆಯದು, ರೋಗ ಇಲ್ಲದವರ ಪಾಸಿಟಿವ್ ಕವಲಿಗೆ 1 – 0.99 = 0.01 ಎಂದು ತುಂಬುವುದು. ಹಾಗೆ ಮಾಡಿದರೆ ಉತ್ತರ ಸುಮಾರು 0.09 ಬರುತ್ತದೆ. 1ರಿಂದ ಕಳೆಯುವ ನಿಯಮ ಒಂದೇ ಗೆಣ್ಣಿನ ಕವಲುಗಳಿಗೆ ಮಾತ್ರ. ರೋಗಿಗಳಲ್ಲಿ ಎಷ್ಟು ಮಂದಿಯನ್ನು ಪರೀಕ್ಷೆ ಹಿಡಿಯುತ್ತದೆ, ಆರೋಗ್ಯವಂತರಲ್ಲಿ ಎಷ್ಟು ಮಂದಿಯನ್ನು ಸುಮ್ಮನೆ ಹೆದರಿಸುತ್ತದೆ ಎಂಬುವು ಎರಡು ಬೇರೆ ಗುಣಗಳು. ಒಂದರಿಂದ ಇನ್ನೊಂದನ್ನು ಲೆಕ್ಕ ಹಾಕಲು ಆಗುವುದಿಲ್ಲ.

ಮೂರನೆಯದು, 0.00099 ಬಂದ ಕೂಡಲೇ ಅಲ್ಲಿಗೆ ನಿಲ್ಲಿಸಿಬಿಡುವುದು. ಅದು ‘ರೋಗವೂ ಪಾಸಿಟಿವ್ವೂ’ ಎಂಬುದರ ಸಂಭವನೀಯತೆ, ಎರಡು ಲಕ್ಷದಲ್ಲಿ 198. ಪ್ರಶ್ನೆ ಕೇಳಿದ್ದು 1,197ರಲ್ಲಿ 198 ಎಷ್ಟು ಎಂದು. ಪ್ರಶ್ನೆಯ ವಾಕ್ಯದಲ್ಲಿ ‘ಪಾಸಿಟಿವ್ ಬಂದಿದೆ ಎಂದು ಕೊಟ್ಟಿದ್ದರೆ’ ಎಂಬಂಥ ಮಾತು ಇದ್ದರೆ, ಛೇದದಲ್ಲಿ ಪಾಸಿಟಿವ್ ಎಲೆಗಳ ಮೊತ್ತ ಇರಲೇಬೇಕು.

ಅದೇ ಕಿಟ್, ಬೇರೆ ಸಾಲು

ಮೊದಲ ತಪ್ಪಿನಲ್ಲಿ ಬಂದ 0.957 ಸುಮ್ಮನೆ ಎಸೆಯುವಂಥ ಅಂಕಿಯಲ್ಲ. ಅದು ಬೇರೊಂದು ಪ್ರಶ್ನೆಗೆ ಸರಿಯಾದ ಉತ್ತರ. ಶೇ. 0.1ರ ಬದಲು ಶೇ. 10 ಮಂದಿಗೆ ರೋಗ ಇರುವ ಗುಂಪಿಗೆ ಇದೇ ಪರೀಕ್ಷೆ ಮಾಡಿದರೆ ಏನಾಗುತ್ತದೆ? ಎರಡು ಲಕ್ಷದಲ್ಲಿ ರೋಗಿಗಳು 20,000. ಅವರಲ್ಲಿ 19,800 ಪಾಸಿಟಿವ್. ಆರೋಗ್ಯವಂತರು 1,80,000, ಅವರಲ್ಲಿ ಸುಳ್ಳು ಪಾಸಿಟಿವ್ 900. ಒಟ್ಟು 20,700ರಲ್ಲಿ 19,800, ಅಂದರೆ ಶೇ. 95.7.

ಕಿಟ್ಟಿನಲ್ಲಿ ಒಂದು ಹನಿಯೂ ಬದಲಾಗಿಲ್ಲ, ಉತ್ತರ ಮಾತ್ರ ಶೇ. 16.5ರಿಂದ 95.7ಕ್ಕೆ ಹಾರಿತು. ಆದ್ದರಿಂದಲೇ ಪಠ್ಯದ ಇಂಥ ಲೆಕ್ಕಗಳಲ್ಲಿ ‘ಯಾದೃಚ್ಛಿಕವಾಗಿ ಆರಿಸಿದ ಒಬ್ಬ ವ್ಯಕ್ತಿ’ ಎಂಬ ಮಾತು ಬರುತ್ತದೆ. ಅದು ಅಲಂಕಾರಕ್ಕೆ ಇರುವುದಲ್ಲ. ಜನಸಂಖ್ಯೆಯ ಅಂಕಿಯನ್ನು ಮೊದಲ ಕೊಂಬೆಯ ಮೇಲೆ ಬರೆಯಲು ನಮಗೆ ಅಪ್ಪಣೆ ಕೊಡುವುದೇ ಆ ಮಾತು. ಆಸ್ಪತ್ರೆಗೆ ಬಂದವರು ಯಾದೃಚ್ಛಿಕವಾಗಿ ಬಂದವರಲ್ಲ. ಜ್ವರವೋ ಕೆಮ್ಮೋ ತೂಕ ಇಳಿದದ್ದೋ ಅವರನ್ನು ಅಲ್ಲಿಗೆ ಕರೆತಂದಿರುತ್ತದೆ. ಅವರ ಮರದ ಬುಡದಲ್ಲಿ ಇರುವ ಅಂಕಿ ಊರಿನ ಸರಾಸರಿ ಅಲ್ಲ. ವರದಿಯ ಜೊತೆಗೆ ಲಕ್ಷಣಗಳನ್ನೂ ಹಿನ್ನೆಲೆಯನ್ನೂ ಕೇಳುವ ವೈದ್ಯರು ಆ ಮೊದಲ ಕೊಂಬೆಯನ್ನೇ ಅಂದಾಜು ಮಾಡುತ್ತಿರುತ್ತಾರೆ.

ಇದಕ್ಕೆ ತಿರುಗುಮುರುಗಾದ ಸಂದರ್ಭವನ್ನು 2020ರಲ್ಲಿ ಎಲ್ಲರೂ ಕಂಡಿದ್ದೇವೆ. ಕೋವಿಡ್‌ಗೆ ರ‍್ಯಾಪಿಡ್ ಆಂಟಿಜೆನ್ ಪರೀಕ್ಷೆ ಬಂದಾಗ ಐಸಿಎಂಆರ್ ಒಂದು ನಿಯಮ ಹೇಳಿತು: ಪಾಸಿಟಿವ್ ಬಂದರೆ ಅದನ್ನೇ ಖಚಿತವೆಂದು ತಿಳಿಯಿರಿ, ಲಕ್ಷಣ ಇದ್ದೂ ನೆಗೆಟಿವ್ ಬಂದರೆ ಆರ್‌ಟಿ-ಪಿಸಿಆರ್ ಮಾಡಿಸಿ. ಪಾಸಿಟಿವ್ ನಂಬಬೇಕು, ನೆಗೆಟಿವ್ ನಂಬಬಾರದು ಎಂಬ ಈ ಮಾತು ಆಗ ಹಲವರಿಗೆ ಇಬ್ಬಗೆಯಂತೆ ಕಂಡಿತ್ತು. ಮರ ಬರೆದರೆ ಗೊಂದಲ ಇಲ್ಲ. ಆ ಕಿಟ್ ಆರೋಗ್ಯವಂತರಿಗೆ ತಪ್ಪಾಗಿ ಪಾಸಿಟಿವ್ ಹೇಳುವುದು ಶೇ. 1ಕ್ಕಿಂತ ಕಡಿಮೆ ಎಂದೂ, ಸೋಂಕಿತರಲ್ಲಿ ಹಿಡಿಯುವುದು ಶೇ. 50.6ರಿಂದ 84ರವರೆಗೆ ಎಂದೂ ಐಸಿಎಂಆರ್ ಪ್ರಕಟಿಸಿತ್ತು.

ಲೆಕ್ಕಕ್ಕೆ, ಲಕ್ಷಣ ಇರುವ 1,000 ಮಂದಿಯಲ್ಲಿ 300 ಮಂದಿಗೆ ಸೋಂಕಿದೆ, ಪರೀಕ್ಷೆ ಶೇ. 60ನ್ನು ಹಿಡಿಯುತ್ತದೆ, ಸುಳ್ಳು ಪಾಸಿಟಿವ್ ಶೇ. 1 ಎಂದುಕೊಳ್ಳೋಣ. ಸೋಂಕಿತರಲ್ಲಿ 180 ಪಾಸಿಟಿವ್, 120 ನೆಗೆಟಿವ್. ಸೋಂಕಿಲ್ಲದ 700ರಲ್ಲಿ 7 ಪಾಸಿಟಿವ್, 693 ನೆಗೆಟಿವ್. ಮರ ಮಗುಚಿದರೆ, ಪಾಸಿಟಿವ್ ಬಂದ 187ರಲ್ಲಿ 180 ಮಂದಿ ಸೋಂಕಿತರು, ಶೇ. 96. ನೆಗೆಟಿವ್ ಬಂದ 813ರಲ್ಲಿ 120 ಮಂದಿ ಸೋಂಕಿತರು, ಶೇ. 15ರ ಹತ್ತಿರ. ನೆಗೆಟಿವ್ ಬಂದ ಏಳು ಮಂದಿಯಲ್ಲಿ ಒಬ್ಬರು ಸೋಂಕು ಹೊತ್ತು ಮನೆಗೆ ಹೋಗುತ್ತಾರೆ. ರಕ್ತಪರೀಕ್ಷೆಯ ಲೆಕ್ಕದಲ್ಲಿ ಅನುಮಾನ ಪಾಸಿಟಿವ್ ಮೇಲಿತ್ತು, ಇಲ್ಲಿ ನೆಗೆಟಿವ್ ಮೇಲಿದೆ. ಮರ ಬರೆಯುವ ಕ್ರಮ ಎರಡಕ್ಕೂ ಒಂದೇ.

ಎರಡನೆಯ ಪರೀಕ್ಷೆ ಮಾಡಿಸಿದರೆ?

ಮತ್ತೆ ನಮ್ಮ 1,197 ಮಂದಿಯ ಸಾಲಿಗೆ ಬರೋಣ. ಅವರೆಲ್ಲರಿಗೂ ಇನ್ನೊಂದು ಪರೀಕ್ಷೆ ಮಾಡಿದರು ಎನ್ನಿ. ಅದರ ಅಂಕಿಗಳೂ 99 ಮತ್ತು 0.5. ಹೊಸ ಮರದ ಬುಡದಲ್ಲಿ ಈಗ ಇರುವುದು 1,197 ಮಂದಿ, ಅವರಲ್ಲಿ ರೋಗಿಗಳು 198. ಮೊದಲ ಮರದ ಉತ್ತರವೇ ಎರಡನೆಯ ಮರದ ಮೊದಲ ಕೊಂಬೆ ಆಯಿತು. ರೋಗಿಗಳಲ್ಲಿ ಸುಮಾರು 196 ಮಂದಿಗೆ ಮತ್ತೆ ಪಾಸಿಟಿವ್. ಆರೋಗ್ಯವಂತರಾದ 999 ಮಂದಿಯಲ್ಲಿ ಮತ್ತೆ ಪಾಸಿಟಿವ್ ಬರುವುದು ಸುಮಾರು 5 ಮಂದಿಗೆ. ಎರಡೂ ಸಲ ಪಾಸಿಟಿವ್ ಬಂದ 201 ಮಂದಿಯಲ್ಲಿ 196 ಮಂದಿಗೆ ರೋಗ ಇದೆ, ಶೇ. 97.5.

ಇಲ್ಲೊಂದು ಎಚ್ಚರ ಬೇಕು. ಎರಡನೆಯ ಸಲವೂ ಶೇ. 0.5 ಎಂದೇ ಬರೆದದ್ದರ ಹಿಂದೆ ಒಂದು ಊಹೆ ಅಡಗಿದೆ: ಮೊದಲ ಪರೀಕ್ಷೆ ತಪ್ಪಿದ ಕಾರಣಕ್ಕೂ ಎರಡನೆಯದು ತಪ್ಪುವುದಕ್ಕೂ ಸಂಬಂಧ ಇಲ್ಲ ಎಂಬುದು. ಒಬ್ಬರ ರಕ್ತದಲ್ಲಿರುವ ಬೇರೇನೋ ಅಂಶ ಕಿಟ್ಟಿನ ರಾಸಾಯನಿಕಕ್ಕೆ ಅಂಟಿಕೊಂಡು ಸುಳ್ಳು ಪಾಸಿಟಿವ್ ಬಂದಿದ್ದರೆ, ಅದೇ ಕಿಟ್ಟಿನಲ್ಲಿ ಹತ್ತು ಸಲ ಮಾಡಿದರೂ ಅಂಟುತ್ತಲೇ ಇರುತ್ತದೆ. ಆಗ ಎರಡನೆಯ ಮರದ ಆ ಕವಲಿನ ಮೇಲೆ 0.005 ಬರೆಯುವಂತಿಲ್ಲ, ಅಲ್ಲಿನ ಅಂಕಿ ಬಹಳ ದೊಡ್ಡದಿರುತ್ತದೆ, ಎರಡನೆಯ ಪರೀಕ್ಷೆಯಿಂದ ಹೊಸದಾಗಿ ಏನೂ ತಿಳಿದಂತಾಗುವುದಿಲ್ಲ.

ನಮ್ಮ ದೇಶದಲ್ಲಿ ಎಚ್‌ಐವಿ ಪತ್ತೆಗೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ನ್ಯಾಕೋ, ಇಟ್ಟುಕೊಂಡಿರುವ ಕ್ರಮವನ್ನು ಇದರ ಬೆಳಕಿನಲ್ಲಿ ನೋಡಬಹುದು. ಲಕ್ಷಣ ಇಲ್ಲದವರಿಗೆ ಒಂದೇ ಪಾಸಿಟಿವ್ ನೋಡಿ ಎಚ್‌ಐವಿ ಇದೆ ಎಂದು ಹೇಳುವುದಿಲ್ಲ. ಮೂರು ಪರೀಕ್ಷೆಗಳಲ್ಲೂ ಪಾಸಿಟಿವ್ ಬರಬೇಕು, ಮತ್ತು ಆ ಮೂರು ಕಿಟ್‌ಗಳು ಬೇರೆ ಬೇರೆ ಆಂಟಿಜೆನ್ ಅಥವಾ ಬೇರೆ ಬೇರೆ ತತ್ವದ ಮೇಲೆ ಕೆಲಸ ಮಾಡುವಂಥವು ಆಗಿರಬೇಕು. ಮೂರು ಪರೀಕ್ಷೆ ಏಕೆ ಎಂಬುದಕ್ಕೆ ಮರದ ಮೊದಲ ಕೊಂಬೆ ಉತ್ತರ. ಬೇರೆ ಬೇರೆ ಕಿಟ್ ಏಕೆ ಎಂಬುದಕ್ಕೆ ಮೇಲೆ ಹೇಳಿದ ಊಹೆ ಉತ್ತರ.

ನೀವೇ ಒಂದು ಮಾಡಿ ನೋಡಿ

ಪಿಯುಸಿ ಪುಸ್ತಕದ ಅದೇ ಅಧ್ಯಾಯದಲ್ಲಿ ಎಚ್‌ಐವಿಯದೇ ಒಂದು ಉದಾಹರಣೆ ಇದೆ. ಇಂದಿನ ಕಿಟ್‌ಗಳು ಅದರಲ್ಲಿರುವುದಕ್ಕಿಂತ ಎಷ್ಟೋ ಉತ್ತಮ, ಅಂಕಿಗಳನ್ನು ಲೆಕ್ಕದ ಅನುಕೂಲಕ್ಕೆಂದು ಓದಿಕೊಳ್ಳಿ. ಸೋಂಕು ಇರುವವರಲ್ಲಿ ಶೇ. 90 ಮಂದಿಗೆ ಪಾಸಿಟಿವ್, ಇಲ್ಲದವರಲ್ಲಿ ಶೇ. 1 ಮಂದಿಗೆ ಪಾಸಿಟಿವ್, ಜನಸಂಖ್ಯೆಯಲ್ಲಿ ಸೋಂಕಿರುವವರು ಶೇ. 0.1. ಯಾದೃಚ್ಛಿಕವಾಗಿ ಆರಿಸಿದ ಒಬ್ಬರಿಗೆ ಪಾಸಿಟಿವ್ ಬಂದರೆ ಸೋಂಕು ಇರುವ ಸಂಭವನೀಯತೆ ಎಷ್ಟು?

1,00,000 ಮಂದಿಯನ್ನು ತೆಗೆದುಕೊಳ್ಳಿ. ಮೊದಲ ಕೊಂಬೆಯಲ್ಲಿ 100 ಮತ್ತು 99,900. ಪಾಸಿಟಿವ್ ಎಲೆಗಳು 90 ಮತ್ತು 999. ಉತ್ತರ 90/1089, ಸುಮಾರು 0.083. ಹನ್ನೆರಡು ಮಂದಿಯಲ್ಲಿ ಒಬ್ಬರು. ಸೂತ್ರವನ್ನು ಬರೆದು ತೋರಿಸಬೇಕಾದ ಕಡೆ ಈ ಎಣಿಕೆಯನ್ನು ಪಕ್ಕದಲ್ಲಿ ಕಚ್ಚಾ ಕೆಲಸವಾಗಿ ಮಾಡಿಕೊಳ್ಳಿ. ಎರಡರ ಉತ್ತರವೂ ಒಂದೇ ಬಂದರೆ ಮುಂದಿನ ಪ್ರಶ್ನೆಗೆ ಹೋಗಬಹುದು.

ಪರೀಕ್ಷೆ ಬರೆಯುವವರಿರಲಿ, ಲ್ಯಾಬಿನ ವರದಿ ಓದುವವರಿರಲಿ, ಶೇಕಡಾ ಎಂಬ ಅಂಕಿ ಎದುರಾದ ಕೂಡಲೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಯಾರಲ್ಲಿ ಶೇಕಡಾ? ರೋಗ ಇರುವವರಲ್ಲೋ, ಪಾಸಿಟಿವ್ ಬಂದವರಲ್ಲೋ? ಎರಡನೆಯದು ಬೇಕಾಗಿದ್ದು ಕೈಯಲ್ಲಿ ಮೊದಲನೆಯದು ಮಾತ್ರ ಇದ್ದರೆ, ರೋಗ ಎಷ್ಟು ಜನರಲ್ಲಿದೆ ಎಂಬ ಅಂಕಿ ಸಿಗುವವರೆಗೆ ಉತ್ತರ ಹೇಳಬೇಡಿ.